ಬಾಡಿಗೆ ನಿಂತ ಮೇಲೆ ಹೋಗುವ ನೋಟಿಸ್

ಬಾಡಿಗೆ ಕೊಡುವುದನ್ನು ನಿಲ್ಲಿಸಿ, ಮನೆಯನ್ನೂ ಬಿಡದೆ ಕುಳಿತ ಬಾಡಿಗೆದಾರನಿಗೆ ಮಾಲೀಕನು ವಕೀಲರ ಮೂಲಕ ಕಳಿಸುವ ನೋಟಿಸ್ ಎರಡು ಕೆಲಸ ಮಾಡುತ್ತದೆ. ಒಂದು, ಬಾಕಿ ಹಣ ಕೇಳುವುದು. ಇನ್ನೊಂದು, ಬಾಡಿಗೆ ಸಂಬಂಧವನ್ನೇ ಕೊನೆಗೊಳಿಸುವುದು. ಮಾಲೀಕರ ಸಿಟ್ಟೆಲ್ಲ ಮೊದಲನೆಯದರ ಮೇಲೆ ಇರುತ್ತದೆ. ಆದರೆ ಕರ್ನಾಟಕದ ನಗರಗಳಲ್ಲಿ ಇವತ್ತು ಬಾಡಿಗೆಗೆ ಹೋಗುವ ಬಹುಪಾಲು ಮನೆಗಳ ಮಟ್ಟಿಗೆ ಕೋರ್ಟಿನಲ್ಲಿ ತೂಕ ಬರುವುದು ಎರಡನೆಯದಕ್ಕೆ. ಬಾಡಿಗೆ ಹಕ್ಕು ಕಾನೂನಿನ ಪ್ರಕಾರ ಮುಗಿಯುವ ತನಕ ಬಾಕಿ ಉಳಿಸಿಕೊಂಡವನೂ ಬಾಡಿಗೆದಾರನೇ, ಅವನನ್ನು ಎಬ್ಬಿಸುವ ಅಧಿಕಾರ ಯಾರಿಗೂ ಇಲ್ಲ.

ನೋಟಿಸ್ ಬರೆಯುವ ಮುಂಚೆ ಮನೆ ಯಾವ ಕಾನೂನಿಗೆ ಸೇರುತ್ತದೆ ಎಂಬುದು ತೀರ್ಮಾನವಾಗಬೇಕು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬಾಡಿಗೆದಾರರಿಗೆ ವಿಶೇಷ ರಕ್ಷಣೆ ಕೊಡುತ್ತದೆ. ಆದರೆ ಅದರ ವ್ಯಾಪ್ತಿ ಕಿರಿದು. ಬೆಂಗಳೂರಿನಂಥ, ಕಾಯ್ದೆಯ ಮೊದಲ ಅನುಸೂಚಿಯ ‘ಎ’ ಭಾಗದಲ್ಲಿರುವ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಅಂಗಡಿ ಮಳಿಗೆಯಾದರೆ 14 ಚದರ ಮೀಟರಿಗಿಂತ ದೊಡ್ಡದು ಹೊರಗೆ ಉಳಿಯುತ್ತದೆ. ಕಾಯ್ದೆ ರೂಪುಗೊಂಡ ಕಾಲದಲ್ಲಿ ಈ ಮೊತ್ತಕ್ಕೆ ಅರ್ಥವಿತ್ತು. ಈಗ ಬೆಂಗಳೂರಿನಲ್ಲಿ 3,500 ರೂಪಾಯಿಗೆ ಒಂದು ಕೋಣೆ ಸಿಗುವುದೂ ಕಷ್ಟ. ಹಾಗಾಗಿ ಹೆಚ್ಚಿನ ಬಾಡಿಗೆ ಮನೆಗಳು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತವೆ. ಅದರ 106ನೇ ಕಲಮು ಈ ನೋಟಿಸಿನ ತಾಯಿಬೇರು.

ಆ ಕಲಮು ಹೇಳುವುದು ಇಷ್ಟು: ಕರಾರಿನಲ್ಲಾಗಲಿ ಸ್ಥಳೀಯ ಕಾನೂನಿನಲ್ಲಾಗಲಿ ಬೇರೆ ಮಾತಿಲ್ಲದಿದ್ದರೆ, ಕೃಷಿ ಮತ್ತು ತಯಾರಿಕೆಯ ಉದ್ದೇಶ ಬಿಟ್ಟು ಉಳಿದ ಬಾಡಿಗೆಗಳು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಗಳು. ಎರಡರಲ್ಲಿ ಯಾವ ಕಡೆಯವರಾದರೂ 15 ದಿನಗಳ ನೋಟಿಸ್ ಕೊಟ್ಟು ಅದನ್ನು ಮುಗಿಸಬಹುದು. ಕಾರಣ ಹೇಳಬೇಕೆಂದು ಕಲಮಿನಲ್ಲಿ ಎಲ್ಲೂ ಇಲ್ಲ. ಬಾಡಿಗೆ ಬಾಕಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮಾಲೀಕರಲ್ಲಿ ಹಲವರು ಗಮನಿಸದ ಸಂಗತಿ ಇದು. ಬಾಡಿಗೆದಾರನ ದುರ್ನಡತೆಯನ್ನು ನಾಲ್ಕು ಪುಟ ಬರೆಸಿ, ಬಾಡಿಗೆ ಹಕ್ಕನ್ನು ಕೊನೆಗೊಳಿಸುವ ಒಂದು ವಾಕ್ಯವನ್ನೇ ಬಿಟ್ಟ ನೋಟಿಸು ದಾವೆಗೆ ಆಧಾರವಾಗುವುದಿಲ್ಲ.

ಒಂದು ಮನೆಯ ಲೆಕ್ಕ ಹಾಕಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಬೆಂಗಳೂರಿನ ವಿಜಯನಗರದಲ್ಲಿ ಮೊದಲ ಮಹಡಿಯ ಎರಡು ಬೆಡ್‌ರೂಮಿನ ಮನೆ ಎಂದಿಟ್ಟುಕೊಳ್ಳೋಣ. ತಿಂಗಳ ಬಾಡಿಗೆ 18,000 ರೂಪಾಯಿ, ಆಯಾ ತಿಂಗಳ ಬಾಡಿಗೆ ಮುಂದಿನ ತಿಂಗಳ 5ರೊಳಗೆ ಕೊಡಬೇಕು, ಅಡ್ವಾನ್ಸ್ 1,50,000. ಹನ್ನೊಂದು ತಿಂಗಳ ಕರಾರು 2024ರ ಜನವರಿ 1ರಿಂದ ಶುರುವಾಗಿ ನವೆಂಬರ್ 30ಕ್ಕೆ ಮುಗಿದಿದೆ. ಮುಗಿದ ಮೇಲೆ ಹೊಸ ಪತ್ರ ಮಾಡಿಸುವ ಗೋಜಿಗೆ ಯಾರೂ ಹೋಗಿಲ್ಲ. ಬಾಡಿಗೆದಾರ ಕೊಡುತ್ತ ಹೋದ, ಮಾಲೀಕ ತೆಗೆದುಕೊಳ್ಳುತ್ತ ಹೋದ. ಹೀಗೆ ಅವಧಿ ಮುಗಿದ ನಂತರವೂ ಬಾಡಿಗೆ ಪಡೆದು ಮುಂದುವರಿಸಿದರೆ, 116ನೇ ಕಲಮಿನ ಪ್ರಕಾರ ಅದು ತಿಂಗಳ ಬಾಡಿಗೆಯಾಗಿ ಮಾರ್ಪಡುತ್ತದೆ. 2025ರ ಮೇ ತಿಂಗಳಿಂದ ಹಣ ನಿಂತಿತು. ಅಕ್ಟೋಬರ್ 10ರಂದು ನೋಟಿಸ್ ಹೊರಡುವಾಗ ಮೇಯಿಂದ ಸೆಪ್ಟೆಂಬರ್‌ವರೆಗಿನ ಐದು ತಿಂಗಳ ಬಾಕಿ 90,000 ರೂಪಾಯಿ.

ವಕೀಲರು ಮೊದಲು ಕೇಳುವುದು ಹಳೆಯ ಕರಾರು ಪತ್ರವನ್ನು. 15 ದಿನಗಳ ಗಡುವು ‘ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ’ ಮಾತ್ರ. ನಮ್ಮ ಕಡೆಯ ಕರಾರುಗಳಲ್ಲಿ ‘ಖಾಲಿ ಮಾಡಲು ಅಥವಾ ಮಾಡಿಸಲು ಎರಡು ತಿಂಗಳ ಮುಂಚಿತ ನೋಟಿಸ್’ ಎಂಬ ಸಾಲು ಸಾಮಾನ್ಯ. ಅಂಥ ಸಾಲಿದ್ದರೆ, ಅವಧಿ ಮುಗಿದ ಕರಾರಿನ ಷರತ್ತುಗಳು ತಿಂಗಳ ಬಾಡಿಗೆಗೂ ಅಂಟಿಕೊಂಡು ಬಂದಿವೆ ಎಂದು ಬಾಡಿಗೆದಾರನ ಕಡೆಯವರು ವಾದಿಸುತ್ತಾರೆ. ಆಗ ಎರಡು ತಿಂಗಳೇ ಕೊಟ್ಟುಬಿಡುವುದು ಜಾಣತನ. ಆರು ವಾರ ಉಳಿಸಲು ಹೋಗಿ ಒಂದು ತಕರಾರನ್ನು ವರ್ಷಗಟ್ಟಲೆ ಹೊತ್ತು ತಿರುಗುವುದರಲ್ಲಿ ಲಾಭವಿಲ್ಲ. ವಿಜಯನಗರದ ಪತ್ರದಲ್ಲಿ ನೋಟಿಸಿನ ಅವಧಿಯ ಮಾತೇ ಇಲ್ಲ ಎಂದುಕೊಂಡರೆ 15 ದಿನ ಸಾಕು.

ನೋಟಿಸ್ ಒಂದು ಕ್ರಮದಲ್ಲಿ ಸಾಗುತ್ತದೆ. ಮೇಲೆ ವಕೀಲರ ಹೆಸರು, ವಿಳಾಸ, ತಾರೀಖು, ಕಳಿಸುವ ವಿಧಾನ. ನಂತರ ಬಾಡಿಗೆದಾರನ ಪೂರ್ಣ ಹೆಸರು ಮತ್ತು ವಿಳಾಸ. ‘ನನ್ನ ಕಕ್ಷಿದಾರರ ಸೂಚನೆಯ ಮೇರೆಗೆ’ ಎಂದು ಶುರುವಾಗುವ ಒಡಲಿನಲ್ಲಿ ಮಾಲೀಕ ಯಾರು, ಬಾಡಿಗೆ ಯಾವಾಗ, ಯಾವ ಷರತ್ತಿನ ಮೇಲೆ ಶುರುವಾಯಿತು, ಅಡ್ವಾನ್ಸ್ ಎಷ್ಟು, ಯಾವ ತಿಂಗಳಿಂದ ಬಾಡಿಗೆ ನಿಂತಿದೆ ಎಂಬ ವಿವರ ಬರುತ್ತದೆ. ಬಾಯಿಮಾತಿನಲ್ಲಿ, ವಾಟ್ಸಾಪಿನಲ್ಲಿ ಕೇಳಿದ್ದರೆ ಆ ತಾರೀಖುಗಳೂ ಬರುತ್ತವೆ. ಆಮೇಲೆ ಮುಖ್ಯ ವಾಕ್ಯ. ಅದು ಹೆಚ್ಚುಕಡಿಮೆ ಹೀಗಿರುತ್ತದೆ: ‘ಈ ನೋಟಿಸ್ ತಮಗೆ ತಲುಪಿದ ದಿನದಿಂದ 15 ದಿನಗಳು ಮುಗಿದ ಕೂಡಲೇ ಷೆಡ್ಯೂಲ್ ಸ್ವತ್ತಿನಲ್ಲಿ ತಮಗಿರುವ ಮಾಸಿಕ ಬಾಡಿಗೆ ಹಕ್ಕು ಈ ಮೂಲಕ ಕೊನೆಗೊಳ್ಳುತ್ತದೆ. ಅಷ್ಟರೊಳಗೆ ತಾವು ಸ್ವತ್ತನ್ನು ಖಾಲಿ ಮಾಡಿ ಸ್ವಾಧೀನವನ್ನು ನನ್ನ ಕಕ್ಷಿದಾರರಿಗೆ ಒಪ್ಪಿಸತಕ್ಕದ್ದು.’

ಈ ವಾಕ್ಯವನ್ನು ಷರತ್ತಿಗೆ ಕಟ್ಟಬಾರದು. ‘15 ದಿನದಲ್ಲಿ ಬಾಕಿ ಕೊಡಿ, ಇಲ್ಲದಿದ್ದರೆ ಖಾಲಿ ಮಾಡಿ’ ಎಂದು ಬರೆದರೆ ಮಾಲೀಕ ಬಾಡಿಗೆಯನ್ನು ಮುಗಿಸಿದನೋ, ಹಣ ಕೊಟ್ಟರೆ ಮುಂದುವರಿಸಲು ಸಿದ್ಧನಿದ್ದನೋ ಎಂಬ ಅನುಮಾನ ಉಳಿಯುತ್ತದೆ. ಬಾಡಿಗೆದಾರ ಹದಿನಾಲ್ಕನೆಯ ದಿನ ಹಣ ಹಾಕಿಬಿಟ್ಟರೆ ನೋಟಿಸೇ ನಿರ್ಜೀವ. ಹಣ ಬಂದರೆ ಸಾಕು ಎಂಬ ಮಾಲೀಕನಿಗೆ ಆ ಒಕ್ಕಣೆ ಸರಿ. ಮನೆಯೇ ಬೇಕು ಎಂಬವನಿಗೆ ಅದು ತೊಡಕು. ಹಾಗಾಗಿ ಬಾಕಿ ಕೇಳುವ ಪ್ಯಾರಾ ಬೇರೆ, ಬಾಡಿಗೆ ಮುಗಿಸುವ ಪ್ಯಾರಾ ಬೇರೆ ಇರಬೇಕು.

ಕೊನೆಯಲ್ಲಿ ಷೆಡ್ಯೂಲ್, ಅಂದರೆ ಸ್ವತ್ತಿನ ವಿವರ. ಮನೆ ನಂಬರು, ಅಡ್ಡರಸ್ತೆ, ಮಹಡಿ, ಎಷ್ಟು ಕೋಣೆ, ಪೂರ್ವ-ಪಶ್ಚಿಮ-ಉತ್ತರ-ದಕ್ಷಿಣದ ಚೆಕ್ಕುಬಂದಿ ಬರೆಯುತ್ತಾರೆ. ಒಂದೇ ನಂಬರಿನ ಕಟ್ಟಡದಲ್ಲಿ ನಾಲ್ಕು ಸಂಸಾರಗಳಿರುವಲ್ಲಿ ‘ಮೊದಲ ಮಹಡಿ, ಈಶಾನ್ಯ ದಿಕ್ಕಿನ ಭಾಗ’ ಎಂಬ ವಿವರ ಬಿಟ್ಟರೆ, ಮುಂದೆ ಡಿಕ್ರಿ ಹಿಡಿದು ಬಂದ ಕೋರ್ಟ್ ಅಮೀನರು ಯಾವ ಬಾಗಿಲು ತಟ್ಟಬೇಕು ಎಂಬುದೇ ಜಗಳವಾಗುತ್ತದೆ. ಸಣ್ಣಪುಟ್ಟ ತಪ್ಪುಗಳಿಗೆ ನ್ಯಾಯಾಲಯಗಳು ಉದಾರವಾಗಿವೆ. ಖಾಲಿ ಮಾಡುವ ನೋಟಿಸನ್ನು ತಪ್ಪು ಹುಡುಕುವ ಕಣ್ಣಿನಿಂದ ಓದದೆ, ಅದನ್ನು ಪಡೆದ ಬಾಡಿಗೆದಾರನಿಗೆ ಅರ್ಥವಾಗುವಂತಿದೆಯೇ ಎಂದು ನೋಡಬೇಕು ಎಂಬ ತತ್ವವನ್ನು ಪ್ರಿವಿ ಕೌನ್ಸಿಲ್ 1918ರಲ್ಲಿ ಹರಿಹರ ಬ್ಯಾನರ್ಜಿ ಪ್ರಕರಣದಲ್ಲಿ ಹೇಳಿತು. ಅದು ಇಂದಿಗೂ ನಡೆಯುತ್ತದೆ.

ದಿನಗಳ ಲೆಕ್ಕದಲ್ಲಿ ಹಿಂದೆ ಬಹಳ ದಾವೆಗಳು ಬಿದ್ದುಹೋಗುತ್ತಿದ್ದವು. 2003ರ 3ನೇ ಕಾಯ್ದೆಯ ತಿದ್ದುಪಡಿಗೆ ಮೊದಲು, ನೋಟಿಸಿನ 15 ದಿನಗಳು ಬಾಡಿಗೆ ತಿಂಗಳ ಕೊನೆಯ ದಿನಕ್ಕೇ ಸರಿಯಾಗಿ ಮುಗಿಯಬೇಕಿತ್ತು. ಬಾಡಿಗೆ ತಿಂಗಳು 1ರಿಂದ ಶುರುವೋ 10ರಿಂದ ಶುರುವೋ ಎಂಬ ವಾದದಲ್ಲೇ ವರ್ಷಗಳು ಕಳೆಯುತ್ತಿದ್ದವು, ಒಂದು ದಿನ ತಪ್ಪಿದರೆ ನೋಟಿಸ್ ಮೊದಲಿಂದ. ತಿದ್ದುಪಡಿಯ ನಂತರ ಅವಧಿ ನೋಟಿಸ್ ಕೈಸೇರಿದ ದಿನದಿಂದ ಎಣಿಕೆಯಾಗುತ್ತದೆ. ನೋಟಿಸಿನಲ್ಲಿ ಬರೆದ ಅವಧಿ ಕಡಿಮೆಯಾಗಿದ್ದರೂ, ಕಾನೂನು ಹೇಳಿದಷ್ಟು ದಿನ ಕಳೆದ ಮೇಲೆ ದಾವೆ ಹೂಡಿದ್ದರೆ ಆ ಕಾರಣಕ್ಕೆ ನೋಟಿಸ್ ಕೆಡುವುದಿಲ್ಲ. ವಿಜಯನಗರದ ನೋಟಿಸ್ ಅಕ್ಟೋಬರ್ 14ರಂದು ತಲುಪಿದರೆ, ಆ ದಿನ ಬಿಟ್ಟು ಎಣಿಸಿ 29ಕ್ಕೆ 15 ದಿನ ತುಂಬುತ್ತದೆ. 30ರಿಂದ ಬಾಡಿಗೆದಾರನ ವಾಸಕ್ಕೆ ಹಕ್ಕಿನ ಆಧಾರವಿಲ್ಲ.

ತಲುಪಿತು ಎಂದು ತೋರಿಸುವುದು ಮುಂದಿನ ಕೆಲಸ. ನೋಟಿಸ್ ಬರಹದಲ್ಲಿರಬೇಕು, ಕಳಿಸುವವರ ಅಥವಾ ಅವರ ಪರವಾದವರ ಸಹಿ ಇರಬೇಕು ಎನ್ನುತ್ತದೆ ಕಾಯ್ದೆ. ಅಂಚೆಯಲ್ಲಿ ಕಳಿಸಬಹುದು, ಬಾಡಿಗೆದಾರನ ಕೈಗೆ ಕೊಡಬಹುದು, ಅವನ ಮನೆಯಲ್ಲಿ ಕುಟುಂಬದವರಿಗೆ ಅಥವಾ ಆಳಿಗೆ ಕೊಡಬಹುದು. ಹಾಗೆ ಕೊಡುವುದು ಸಾಧ್ಯವಾಗದಿದ್ದರೆ ಸ್ವತ್ತಿನ ಎದ್ದು ಕಾಣುವ ಜಾಗದಲ್ಲಿ ಅಂಟಿಸಬಹುದು. ವಕೀಲರ ರೂಢಿ ಆರ್‌ಪಿಎಡಿ, ಅಂದರೆ ಸ್ವೀಕೃತಿ ಚೀಟಿ ಸಮೇತ ರಿಜಿಸ್ಟರ್ ಪೋಸ್ಟ್. ಅಂಚೆ ಇಲಾಖೆ 2025ರಲ್ಲಿ ರಿಜಿಸ್ಟರ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದೆ. ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸುವುದು ಜೊತೆಗಿರಲಿ, ಅಂಚೆಯ ಬದಲಿಗೆ ಬೇಡ.

ನೋಟಿಸ್ ಬರುತ್ತದೆ ಎಂದು ಗೊತ್ತಾದ ಬಾಡಿಗೆದಾರ ಪೋಸ್ಟ್‌ಮ್ಯಾನ್‌ಗೆ ಸಿಗದಂತೆ ನೋಡಿಕೊಳ್ಳುವುದುಂಟು. ಲಕೋಟೆ ವಾಪಸ್ ಬಂದಾಗ ಮಾಲೀಕ ಕೈಚೆಲ್ಲಬೇಕಿಲ್ಲ. ಅದರ ಮೇಲಿನ ಷರಾ ಏನೆಂದು ನೋಡಬೇಕು. ‘ರಿಫ್ಯೂಸ್ಡ್’ ಎಂದಿದ್ದರೆ ಬಾಡಿಗೆದಾರ ತಿರಸ್ಕರಿಸಿದ್ದಾನೆ, ಅದು ತಲುಪಿದಂತೆಯೇ. ಸರಿಯಾದ ವಿಳಾಸಕ್ಕೆ, ಅಂಚೆ ವೆಚ್ಚ ತೆತ್ತು ಕಳಿಸಿದ ಪತ್ರ ತಲುಪಿದೆ ಎಂದು ಸಾಮಾನ್ಯ ಖಂಡಗಳ ಕಾಯ್ದೆಯ 27ನೇ ಕಲಮು ಭಾವಿಸುತ್ತದೆ. ‘ಡೋರ್ ಲಾಕ್ಡ್’ ಅಥವಾ ‘ನಾಟ್ ಕ್ಲೇಮ್ಡ್’ ಎಂದು ಬಂದಾಗಲೂ, ತಲುಪಲಿಲ್ಲ ಎಂದು ತೋರಿಸುವ ಹೊರೆಯನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಬಾಡಿಗೆದಾರನ ಮೇಲೆ ಹಾಕುತ್ತವೆ. ‘ಇನ್‌ಸಫಿಶಿಯೆಂಟ್ ಅಡ್ರೆಸ್’ ಎಂದಿದ್ದರೆ ಮಾತ್ರ ತಪ್ಪು ಕಳಿಸಿದವರದ್ದು, ಮತ್ತೆ ಕಳಿಸಬೇಕು. ವಾಪಸ್ ಬಂದ ಲಕೋಟೆಯನ್ನು ಒಡೆಯದೆ ಹಾಗೆಯೇ ಇಡಬೇಕು, ಸಾಕ್ಷ್ಯದ ಹಂತದಲ್ಲಿ ಅದನ್ನು ಕೋರ್ಟಿನ ಮುಂದೆ ಒಡೆಯುತ್ತಾರೆ. ಕುತೂಹಲಕ್ಕೆ ಮನೆಯಲ್ಲೇ ಹರಿದು ನೋಡುವ ಮಾಲೀಕರಿದ್ದಾರೆ.

ಈಗ ಅಡ್ವಾನ್ಸಿನ ಪ್ರಶ್ನೆ. ಬಾಡಿಗೆದಾರನ ಮೊದಲ ಮಾತೇ ಇದು: ‘ಒಂದೂವರೆ ಲಕ್ಷ ನಿಮ್ಮ ಹತ್ತಿರವೇ ಇದೆಯಲ್ಲ, ಅದರಲ್ಲಿ ಮುರಿದುಕೊಳ್ಳಿ.’ ವಿಜಯನಗರದ ಲೆಕ್ಕದಲ್ಲಿ ಬಾಕಿ 90,000, ಅಡ್ವಾನ್ಸ್ 1,50,000. ಮೇಲ್ನೋಟಕ್ಕೆ ಬಾಡಿಗೆದಾರನೇ 60,000 ಪಡೆಯಬೇಕಾದವನು. 106ನೇ ಕಲಮಿನ ನೋಟಿಸಿಗೆ ಇದರಿಂದ ಧಕ್ಕೆಯಿಲ್ಲ, ಏಕೆಂದರೆ ಬಾಡಿಗೆ ಮುಗಿಸಲು ಬಾಕಿಯೇ ಇರಬೇಕಾಗಿಲ್ಲ. ಆದರೂ ಅಡ್ವಾನ್ಸಿನ ಬಗ್ಗೆ ಮೌನವಾಗಿರುವ, ಅಥವಾ ‘ಮುಟ್ಟುಗೋಲು ಹಾಕಿಕೊಂಡಿದ್ದೇವೆ’ ಎಂದು ಅಬ್ಬರಿಸುವ ನೋಟಿಸ್ ಮಾಲೀಕನ ಸಾಚಾತನವನ್ನು ಕುಂದಿಸುತ್ತದೆ. ಸ್ವಾಧೀನ ಒಪ್ಪಿಸುವ ದಿನದವರೆಗಿನ ಬಾಡಿಗೆ, ಕರೆಂಟು, ನೀರಿನ ಬಾಕಿ, ಹಾನಿಯಾಗಿದ್ದರೆ ಅದರ ವೆಚ್ಚ ಕಳೆದು ಉಳಿದದ್ದನ್ನು ಕೊಡಲಾಗುವುದು ಎಂದು ಬರೆಯುವುದು ನ್ಯಾಯವೂ ಹೌದು, ಲಾಭವೂ ಹೌದು.

ಬಾಡಿಗೆ ಕಾಯ್ದೆಯ ವ್ಯಾಪ್ತಿಯಲ್ಲಿರುವ ಹಳೆಯ ಮನೆಗಳಲ್ಲಿ ಚಿತ್ರ ತಿರುವುಮುರುವು. ಅಲ್ಲಿ ಕಾರಣವಿಲ್ಲದೆ ಯಾರನ್ನೂ ಎಬ್ಬಿಸುವಂತಿಲ್ಲ. ಬಾಡಿಗೆ ಬಾಕಿ ಒಂದು ಕಾರಣ, ಆದರೆ ಅದಕ್ಕೆ 27ನೇ ಕಲಮಿನ ಪ್ರಕಾರ ಹಣ ಕೇಳುವ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಅಷ್ಟರಲ್ಲಿ ಪೂರ್ತಿ ಬಾಕಿ ಕೊಟ್ಟರೆ ಆ ಕಾರಣ ಅಲ್ಲಿಗೆ ಮುಗಿಯಿತು. ಅಲ್ಲಿ ಬಾಕಿಯ ಅಂಕಿ, ಅಡ್ವಾನ್ಸಿನ ಹೊಂದಾಣಿಕೆ ಎಲ್ಲವೂ ಸೋಲು ಗೆಲುವಿನ ಪ್ರಶ್ನೆ. ಆದರೆ ಅಂಥ ಅರ್ಜಿಗೆ ಬಾಡಿಗೆ ಮುಗಿಸುವ 106ನೇ ಕಲಮಿನ ನೋಟಿಸ್ ಬೇಕಿಲ್ಲ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1979ರಲ್ಲಿ ಧನಪಾಲ್ ಚೆಟ್ಟಿಯಾರ್ ಪ್ರಕರಣದಲ್ಲಿ ತೀರ್ಮಾನಿಸಿದೆ.

ಕರಾರಿನ ಅವಧಿ ಇನ್ನೂ ನಡೆಯುತ್ತಿರುವಾಗ ಬಾಡಿಗೆ ನಿಂತರೆ ಮೂರನೆಯ ದಾರಿ. ಮೂರು ವರ್ಷಕ್ಕೆ ನೋಂದಾಯಿಸಿದ ಕರಾರಿನ ಎರಡನೆಯ ವರ್ಷ ಎಂದಾದರೆ 15 ದಿನದ ನೋಟಿಸಿನಿಂದ ಅದನ್ನು ಮುರಿಯಲಾಗದು. ಬಾಡಿಗೆ ತಪ್ಪಿದರೆ ಮಾಲೀಕ ಸ್ವತ್ತನ್ನು ವಾಪಸ್ ಪಡೆಯಬಹುದು ಎಂಬ ಸ್ಪಷ್ಟ ಷರತ್ತು ಪತ್ರದಲ್ಲಿ ಇರಬೇಕು. ಆ ಷರತ್ತನ್ನು ಹಿಡಿದು, ಬಾಡಿಗೆ ಕೊನೆಗೊಳಿಸುವ ಇಚ್ಛೆಯನ್ನು ಬರಹದಲ್ಲಿ ತಿಳಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ, ದಾವೆಯ ವಿಚಾರಣೆಯಲ್ಲಿ ಬಾಡಿಗೆದಾರ ಬಾಕಿಯನ್ನು ಬಡ್ಡಿ ಮತ್ತು ದಾವೆಯ ಪೂರ್ತಿ ಖರ್ಚಿನ ಸಮೇತ ಕಟ್ಟಿದರೆ, 114ನೇ ಕಲಮಿನ ಪ್ರಕಾರ ಕೋರ್ಟು ಅವನನ್ನು ಮನೆಯಲ್ಲಿ ಉಳಿಸಬಹುದು. ತಿಂಗಳ ಬಾಡಿಗೆಯ ನೋಟಿಸಿಗೆ ಈ ವಿನಾಯಿತಿ ಇಲ್ಲ.

ನೋಟಿಸ್ ತಲುಪಿದ ನಂತರದ ವಾರಗಳಲ್ಲಿ ಮಾಲೀಕರೇ ಮಾಡುವ ಎಡವಟ್ಟುಗಳಿವೆ. ಮುಖ್ಯವಾದದ್ದು ಹಣದ್ದು. ನೋಟಿಸಿನ ಅವಧಿ ಮುಗಿದು ಒಂದು ವಾರವಾದ ಮೇಲೆ ಒಂದು ಬೆಳಿಗ್ಗೆ ಮಾಲೀಕನ ಫೋನಿಗೆ ಯುಪಿಐ ಸಂದೇಶ ಬರುತ್ತದೆ: 18,000 ಜಮೆ, ಷರಾದಲ್ಲಿ ‘ನವೆಂಬರ್ ರೆಂಟ್’. ಇದು ಆಕಸ್ಮಿಕವಲ್ಲ, ಬಾಡಿಗೆದಾರನ ವಕೀಲರ ಸಲಹೆ ಇದ್ದೀತು. ನೋಟಿಸ್ ಅವಧಿಯ ನಂತರದ ಬಾಡಿಗೆಯನ್ನು ಬಾಡಿಗೆ ಎಂದೇ ಸ್ವೀಕರಿಸಿ, ಸಂಬಂಧ ಮುಂದುವರಿಸುವ ಇಚ್ಛೆ ತೋರಿದರೆ 113ನೇ ಕಲಮಿನ ಪ್ರಕಾರ ನೋಟಿಸನ್ನು ಬಿಟ್ಟುಕೊಟ್ಟಂತೆ. ಹಣ ಪಡೆದ ಮಾತ್ರಕ್ಕೆ ಹಾಗಾಗುವುದಿಲ್ಲ, ಇಚ್ಛೆ ಮುಖ್ಯ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಸರೂಪ್ ಸಿಂಗ್ ಗುಪ್ತಾ ಪ್ರಕರಣದಲ್ಲಿ ಹೇಳಿದೆ. ಆದರೂ ಅದೇ ದಿನ ಉತ್ತರಿಸುವುದು ಕ್ಷೇಮ: ಈ ಹಣವನ್ನು ನೋಟಿಸಿನ ಹಕ್ಕುಗಳಿಗೆ ಬಾಧೆಯಾಗದಂತೆ, ಅನಧಿಕೃತ ವಾಸದ ಪರಿಹಾರದ ಲೆಕ್ಕಕ್ಕೆ ಪಡೆಯಲಾಗಿದೆ ಎಂದು ಒಂದು ಸಾಲು. ಬಾಡಿಗೆ ರಸೀದಿ ಪುಸ್ತಕದಿಂದ ಚೀಟಿ ಹರಿದುಕೊಡುವುದಂತೂ ಕೂಡದು. ಸಿಟ್ಟಿನಲ್ಲಿ ಎರಡನೆಯ ಖಾಲಿ ನೋಟಿಸ್ ಕಳಿಸುವುದೂ ಕೆಡುಕೇ. ಮೊದಲನೆಯದರ ಅವಧಿ ಮುಗಿದ ಮೇಲೆ ಎರಡನೆಯದು ಹೋದರೆ ಮೊದಲನೆಯದನ್ನು ಬಿಟ್ಟಂತಾಗುತ್ತದೆ ಎಂಬುದು ಅದೇ ಕಲಮಿನಡಿ ಕೊಟ್ಟಿರುವ ಉದಾಹರಣೆ.

ಇನ್ನೊಂದು ಎಡವಟ್ಟು, ಅವಧಿ ಮುಗಿಯಿತೆಂದು ನೀರು, ಕರೆಂಟು ಕತ್ತರಿಸುವುದು, ಬಾಡಿಗೆದಾರ ಊರಿಗೆ ಹೋದಾಗ ಬೀಗ ಬದಲಿಸುವುದು. ನೋಟಿಸ್ ಹಕ್ಕನ್ನು ಮುಗಿಸುತ್ತದೆ, ಸ್ವಾಧೀನವನ್ನು ಕೊಡಿಸುವುದಿಲ್ಲ. ಸ್ವಾಧೀನ ಸಿಗುವುದು ಬಾಡಿಗೆದಾರ ತಾನಾಗಿ ಬಿಟ್ಟಾಗ, ಇಲ್ಲವೇ ಕೋರ್ಟಿನ ಡಿಕ್ರಿಯಿಂದ. ಬಲವಂತದಿಂದ ಹೊರಹಾಕಿದರೆ, ಬಾಡಿಗೆದಾರ ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ಕೆಳಗೆ ದಾವೆ ಹೂಡಿ, ಮಾಲೀಕತ್ವದ ಪ್ರಶ್ನೆಗೇ ಹೋಗದೆ ಮನೆಯೊಳಕ್ಕೆ ಮರಳಬಹುದು.

ಬಾಡಿಗೆದಾರ ಉತ್ತರ ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಕೊಟ್ಟರೆ ಅದರ ಪ್ರತಿ ಮಾತೂ ದಾಖಲೆ. 106ನೇ ಕಲಮಿನ ದಾವೆಯಲ್ಲಿ ಮಾಲೀಕ ಸಾಬೀತು ಮಾಡಬೇಕಾದ್ದು ಮೂರು: ಇಬ್ಬರದ್ದು ಮಾಲೀಕ-ಬಾಡಿಗೆದಾರ ಸಂಬಂಧ, ಬಾಡಿಗೆ ಕಾಯ್ದೆ ಅನ್ವಯಿಸದು, ನೋಟಿಸಿನಿಂದ ಬಾಡಿಗೆ ಮುಗಿದಿದೆ. ‘ನಾನು 18,000ಕ್ಕೆ ಬಾಡಿಗೆಗಿದ್ದೇನೆ, ನಿಮ್ಮ ನೋಟಿಸ್ 14ರಂದು ಬಂತು, ವ್ಯಾಪಾರ ನಷ್ಟವಾಗಿ ಕೊಡಲಾಗಲಿಲ್ಲ, ಆರು ತಿಂಗಳು ಸಮಯ ಕೊಡಿ’ ಎಂದು ಬರೆದವನು ಮೂರನ್ನೂ ಒಪ್ಪಿಕೊಂಡಿದ್ದಾನೆ. ಅಂಥ ಒಪ್ಪಿಗೆಯ ಮೇಲೆ ಪೂರ್ಣ ವಿಚಾರಣೆಯಿಲ್ಲದೆಯೇ ತೀರ್ಪು ಕೊಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 12ನೇ ಆದೇಶದ 6ನೇ ನಿಯಮದಲ್ಲಿ ಅವಕಾಶವಿದೆ. ತಿಳಿದ ವಕೀಲರು ಬಾಡಿಗೆದಾರನ ಪರವಾಗಿ ಉತ್ತರ ಬರೆಯುವಾಗ ಇದನ್ನು ತಪ್ಪಿಸುತ್ತಾರೆ. ಮನೆಯನ್ನು ಕೊಳ್ಳುವ ಮಾತಾಗಿತ್ತು, ಮುಂಗಡ ಕೊಟ್ಟಿದ್ದೇನೆ, ರಿಪೇರಿಗೆ ಖರ್ಚು ಮಾಡಿದ್ದೇನೆ ಎಂಬ ಹೊಸ ಕಥೆಗಳು ಆಗ ಹುಟ್ಟುತ್ತವೆ. ನಿಜವಿದ್ದರೆ ದಾಖಲೆ ಇರುತ್ತದೆ.

ನೋಟಿಸೇ ಇಲ್ಲದೆ ದಾವೆ ಹೂಡಿದವರೂ ಉಳಿದುಕೊಂಡದ್ದುಂಟು. ದಾವೆ ಹೂಡುವುದೇ ಖಾಲಿ ಮಾಡುವ ನೋಟಿಸ್ ಎಂದು ಸುಪ್ರೀಂ ಕೋರ್ಟ್ 2007ರ ನೋಪನಿ ಪ್ರಕರಣದಲ್ಲಿ ಹೇಳಿದೆ. ಅದು ಮುಳುಗುವವನಿಗೆ ಆಸರೆ, ಅದನ್ನೇ ನಂಬಿ ನೀರಿಗಿಳಿಯುವುದು ಸಲ್ಲ.

ವಿಜಯನಗರದ ಬಾಡಿಗೆದಾರ ಅಕ್ಟೋಬರ್ 29 ಕಳೆದರೂ ಬಿಡದಿದ್ದರೆ ದಾವೆ ಬೆಂಗಳೂರಿನ ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತದೆ. ಕೇಳುವುದು ಮೂರು: ಸ್ವಾಧೀನ, 29ರವರೆಗಿನ ಬಾಡಿಗೆ ಬಾಕಿ, 30ರಿಂದ ಮನೆ ಒಪ್ಪಿಸುವ ದಿನದವರೆಗೆ ಅನಧಿಕೃತ ವಾಸದ ಪರಿಹಾರ. ಕೊನೆಯದು ಹಳೆಯ ಬಾಡಿಗೆಯ ದರಕ್ಕೇ ಕಟ್ಟುಬಿದ್ದಿಲ್ಲ. ಅದೇ ಬೀದಿಯಲ್ಲಿ ಅಂಥ ಮನೆ ಈಗ 24,000ಕ್ಕೆ ಹೋಗುತ್ತಿದೆ ಎಂದು ಪಕ್ಕದ ಮನೆಗಳ ಕರಾರು ತೋರಿಸಿ ಆ ದರವನ್ನು ಕೇಳಬಹುದು, ಅದಕ್ಕಾಗಿ ನೋಟಿಸಿನಲ್ಲೇ ಆ ದರವನ್ನು ಹೇಳಿರುವುದು ಒಳ್ಳೆಯದು. ಬಾಡಿಗೆ ಬಾಕಿಗೆ ಕಾಲಮಿತಿ ಮೂರು ವರ್ಷ, ಪ್ರತಿ ತಿಂಗಳ ಬಾಕಿಗೂ ಅದು ಕೊಡಬೇಕಾದ ದಿನದಿಂದ ಬೇರೆ ಬೇರೆಯಾಗಿ ಓಡುತ್ತದೆ. ಮೇ ತಿಂಗಳ ಬಾಡಿಗೆ ಜೂನ್ 5ಕ್ಕೆ ಬರಬೇಕಿದ್ದರಿಂದ ಅದನ್ನು ಕೇಳಲು 2028ರ ಜೂನ್ ಮೊದಲ ವಾರದವರೆಗೆ ಸಮಯವಿದೆ. ಸ್ವಾಧೀನಕ್ಕೆ ಬಾಡಿಗೆ ಕೊನೆಗೊಂಡ ದಿನದಿಂದ ಹನ್ನೆರಡು ವರ್ಷ. ನೋಟಿಸ್ ಕಳಿಸಿದ ಮಾತ್ರಕ್ಕೆ ಈ ಗಡಿಯಾರಗಳು ನಿಲ್ಲುವುದಿಲ್ಲ.